ಗೊಂಚಲು ಟೀಚರ್

ಶಾಲೆಯಲ್ಲಿ ನಮ್ಮ ಅಕ್ಕನನ್ನು ಎಲ್ಲರೂ ಗೊಂಚಲು ಟೀಚರ್ ಎನ್ನುತ್ತಾರೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ಓರಗಿತ್ತಿ ಎನ್ನಬೇಕು. ಆದರೆ ಆ ಮಾತಿಗೇ ಒಂದು ಜಗಳದ ವಾಸನೆ ಇದೆ, ಅದಕ್ಕೆ ಅಕ್ಕ ಎನ್ನುತ್ತೇನೆ. ನಾವು ಜಗಳವಾಡುವುದಿಲ್ಲ ಎಂದು ಇದರ ಅರ್ಥವಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಇಷ್ಟು ವರ್ಷ ಇದ್ದು ಜಗಳವಾಡಿಲ್ಲ ಎಂದು ಯಾರಾದರೂ ಹೇಳಿದರೆ ಅವರಲ್ಲಿ ಒಬ್ಬಳು ಮೂಗಿಯಾಗಿರಬೇಕು.

ಅಕ್ಕ ಒಂದನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಓದಲು ಕಲಿಸುತ್ತಾಳೆ. ಮನೆಯಲ್ಲಿ ಒಂದು ಇಂಗ್ಲಿಷ್ ಮಾತೂ ಕೇಳದ ಮಕ್ಕಳು ಅವು. ಎ, ಬಿ, ಸಿ ಎಂದು ಅಕ್ಷರವನ್ನೆಲ್ಲ ಹೇಳುತ್ತವೆ, ಮೂರು ಅಕ್ಷರ ಜೋಡಿಸಿ ಮುಂದಿಟ್ಟರೆ ಚಾವಣಿ ನೋಡುತ್ತವೆ. ಅಂಥವಕ್ಕೆ ಪದಗಳನ್ನು ಒಂದೊಂದಾಗಿ ಕಲಿಸುತ್ತ ಕೂತರೆ ಜನ್ಮ ಸಾಲದು, ಮನೆತನ ಮನೆತನವಾಗಿ ಕಲಿಸಬೇಕು ಎಂದು ಅಕ್ಕ ಹೇಳುತ್ತಾಳೆ. ಕ್ಯಾಟ್, ಹ್ಯಾಟ್, ಮ್ಯಾಟ್ ಒಂದು ಮನೆತನ. ಎಲ್ಲದರ ಬಾಲವೂ ಒಂದೇ, ಆ್ಯಟ್. ಬಾಲದ ಗುರುತು ಒಮ್ಮೆ ಸಿಕ್ಕರೆ ತಲೆ ಬದಲಾಯಿಸುತ್ತ ಹೋದರೆ ಸಾಕು, ಒಂದು ಕಲಿತ ಮಗು ಆರು ಓದುತ್ತದೆ.

ಇದಕ್ಕಾಗಿ ಅವಳು ಮಾಡುವ ಕಾರ್ಡು ನೋಡಲು ಬಲು ಸರಳ. ಉದ್ದನೆಯ ದಪ್ಪ ರಟ್ಟು, ಅದರ ಬಲಗಡೆ ಆ್ಯಟ್ ಎಂಬ ಎರಡಕ್ಷರ. ಎಡಗಡೆಯ ಮೇಲಿನ ಮೂಲೆಗೆ ಒಂದು ತೂತು. ಆ ತೂತಿಗೆ ಸಣ್ಣ ಸಣ್ಣ ಕಾರ್ಡುಗಳನ್ನು ಪೋಣಿಸಿರುತ್ತಾಳೆ, ಒಂದೊಂದರ ಮೇಲೂ ಒಂದೊಂದು ಅಕ್ಷರ. ಸಣ್ಣ ಕಾರ್ಡು ಮಗುಚಿದಾಗಲೆಲ್ಲ ತಲೆ ಬದಲಾಗುತ್ತದೆ, ಬಾಲ ಅಲ್ಲೇ ಇರುತ್ತದೆ. ಇಂಥ ಐದಾರು ಮನೆತನಗಳನ್ನು ಮುಂಗೈಗೆ ತೂಗುಹಾಕಿಕೊಂಡು ಕ್ಲಾಸಿಗೆ ಹೋಗುತ್ತಾಳೆ. ಬೀಗದ ಕೈ ಗೊಂಚಲಿನ ಹಾಗೆ ಕಾಣುತ್ತದೆ, ಮಕ್ಕಳು ಹೆಸರಿಟ್ಟದ್ದೂ ಹಾಗೆಯೇ.

ಹೆಸರಿಗೆ ಇನ್ನೊಂದು ಕಾರಣವೂ ಇದೆ. ಭಾವನದು ಬೀಗದ ಕೈ ಅಂಗಡಿ. ಶಾಲೆಯ ಬೀದಿಯ ತಿರುವಿನಲ್ಲಿ ಒಬ್ಬ ಕೂರುವಷ್ಟು ಜಾಗ, ಒಂದು ಅರದ ಯಂತ್ರ, ಗೋಡೆ ತುಂಬ ಮೊಳೆ, ಮೊಳೆ ತುಂಬ ಕೈಗಳು. ಮಾತು ಕಡಿಮೆ. ಊರಿನವರ ಬೀಗವನ್ನೆಲ್ಲ ತೆಗೆಯುವವರು ತಮ್ಮ ಬಾಯಿಗೆ ಮಾತ್ರ ಹಾಕಿಕೊಂಡಿದ್ದಾರೆ ಎಂದು ನಾನು ರೇಗಿಸಿದರೆ ಮೀಸೆಯಲ್ಲೇ ನಗುತ್ತಾರೆ.

ಮೊದಲಿಗೆ ಅಕ್ಕನ ಕಾರ್ಡುಗಳು ದಾರದಲ್ಲಿ ಇರುತ್ತಿದ್ದವು. ದಾರ ನನ್ನ ಹೊಲಿಗೆ ಪೆಟ್ಟಿಗೆಯದು. ಮಕ್ಕಳ ಕೈಯಲ್ಲಿ ದಾರ ಎಷ್ಟು ಹೊತ್ತು ತಾಳುತ್ತದೆ? ಒಂದು ಎಳೆತಕ್ಕೆ ಕಾರ್ಡೆಲ್ಲ ನೆಲದ ಪಾಲು. ಮಕ್ಕಳು ಬೆಂಚಿನ ಕೆಳಗೆ ನುಗ್ಗಿ ಆರಿಸಿ ತರುವುದು, ಅಕ್ಕ ಸಿಕ್ಕ ಸಿಕ್ಕ ಹಾಗೆ ಪೋಣಿಸಿ ಗಂಟು ಹಾಕುವುದು, ಮತ್ತೆ ಬೀಳುವುದು. ಸಂಜೆ ಮನೆಗೆ ಬಂದರೆ ಅದೇ ಗೋಳು. ಕೊನೆಗೆ ಭಾವ ಒಂದು ದಿನ ಮಾತಿಲ್ಲದೆ ಅಂಗಡಿಯಿಂದ ಉಕ್ಕಿನ ಉಂಗುರಗಳನ್ನು ತಂದು, ಒಂದೊಂದು ಮನೆತನವನ್ನೂ ಒಂದೊಂದು ಉಂಗುರಕ್ಕೆ ಏರಿಸಿ, ಇಕ್ಕಳದಿಂದ ಬಾಯಿ ಒತ್ತಿ ಮುಚ್ಚಿಬಿಟ್ಟರು.

"ಇನ್ನು ಆನೆ ಎಳೆದ್ರೂ ಬಿಚ್ಚಲ್ಲ," ಎಂದರು.

ಬಿಚ್ಚಲೂ ಇಲ್ಲ. ಅಂದಿನಿಂದ ಅಕ್ಕನ ಕ್ಲಾಸಿನ ಗತ್ತೇ ಬೇರೆಯಾಯಿತು. ಹೊಲಿಗೆ ಯಂತ್ರದ ಮುಂದೆ ಕೂತರೆ ನನ್ನ ಕಿಟಕಿಗೆ ಶಾಲೆಯ ಆ ಕಡೆಯ ಗೋಡೆ ಕಾಣುತ್ತದೆ. ಅಲ್ಲಿಂದ ಕ್ಯಾಟ್, ಹ್ಯಾಟ್, ಮ್ಯಾಟ್, ರ‍್ಯಾಟ್, ಸ್ಯಾಟ್, ಬ್ಯಾಟ್ ಎಂದು ಮೂವತ್ತು ಗಂಟಲು ಒಟ್ಟಿಗೆ ಹೊರಟರೆ ನನ್ನ ಪೆಡಲ್ ಕೂಡ ಅದೇ ತಾಳಕ್ಕೆ ಬೀಳುತ್ತಿತ್ತು. ಅದು ಮುಗಿದರೆ ಕ್ಯಾನ್, ಫ್ಯಾನ್, ಮ್ಯಾನ್, ಪ್ಯಾನ್. ನಾನು ಶಾಲೆ ಬಿಟ್ಟಾಗ ಇಂಗ್ಲಿಷ್ ಇನ್ನೂ ಶುರುವಾಗಿರಲಿಲ್ಲ. ಎಸ್, ಎಮ್, ಎಲ್ ಮಾತ್ರ ಗೊತ್ತು, ಅಂಗಿಯ ಕಾಲರಿನ ಅಳತೆಗೆ ಹೊಲಿಯುವ ಅಕ್ಷರಗಳು ಅವು. ಆದರೆ ಕೇಳಿ ಕೇಳಿ ಅಕ್ಕನ ಆರು ಮನೆತನವೂ ನನಗೆ ಬಾಯಿಗೆ ಬಂದಿತ್ತು. ಪುಕ್ಕಟೆ ಇಂಗ್ಲಿಷ್ ಕಲಿತೆ ಎಂದು ಗಂಡನ ಹತ್ತಿರ ಜಂಬ ಕೊಚ್ಚಿಕೊಂಡೂ ಇದ್ದೆ.

ಈ ವರ್ಷ ನನ್ನ ಮಗಳೇ ಅಕ್ಕನ ಕ್ಲಾಸು ಸೇರಿದಳು. ಎರಡು ವರ್ಷದವಳಿದ್ದಾಗ ನನ್ನ ಡಬ್ಬಿಯಿಂದ ಅಂಗಿಯ ಗುಂಡಿ ನುಂಗಿ ಮನೆಮಂದಿಗೆಲ್ಲ ಬೆವರಿಳಿಸಿದ್ದಳು, ಅಂದಿನಿಂದ ಅವಳು ಗುಂಡಿ. ದೊಡ್ಡಮ್ಮನ ಗೊಂಚಲು ಮನೆಯಲ್ಲೇ ಬಾಗಿಲ ಚಿಲಕಕ್ಕೆ ತೂಗುವುದರಿಂದ ಶಾಲೆಗೆ ಸೇರುವ ಮೊದಲೇ ಅವಳಿಗೆ ಎಲ್ಲ ಬರುತ್ತಿತ್ತು. ಕ್ಲಾಸಿನಲ್ಲಿ ಉಂಗುರ ಹಿಡಿದು ಮುಂದೆ ನಿಲ್ಲುವವಳು ಅವಳೇ. ನನಗೂ ಹೆಮ್ಮೆ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಶಾಲೆಯ ಹೆಡ್ ಮೇಡಂಗೆ ಅಕ್ಕನ ಕ್ಲಾಸೆಂದರೆ ಮನೆಗೆ ಬಂದವರಿಗೆ ತೋರಿಸುವ ಷೋಕೇಸಿನ ಹಾಗೆ. ಯಾರು ಬಂದರೂ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದರು. ಈ ಸಲ ಒಂದು ಹೆಜ್ಜೆ ಮುಂದೆ ಹೋದರು. ಸುತ್ತಲಿನ ಶಾಲೆಗಳ ಒಂದನೇ ಕ್ಲಾಸಿನ ಟೀಚರುಗಳನ್ನೆಲ್ಲ ಒಂದು ದಿನ ಕರೆಸುವುದು, ಅವರು ಅಕ್ಕನ ಪಾಠ ನೋಡುವುದು, ಹೋಗುವಾಗ ಒಂದೊಂದು ಗೊಂಚಲು ತೆಗೆದುಕೊಂಡು ಹೋಗಿ ಅದೇ ರೀತಿ ಕಲಿಸುವುದು. ತಾಯಂದಿರೂ ಬರಬಹುದು. ಭಾವನಿಗೆ ಅಷ್ಟೂ ಗೊಂಚಲು ಮಾಡುವ ಕೆಲಸ ಬಂತು. ಸುದ್ದಿ ಕೇಳಿದ ಮನುಷ್ಯ ಆ ದಿನ ಒಟ್ಟಿಗೆ ನಾಲ್ಕು ವಾಕ್ಯ ಮಾತಾಡಿದರು. ಅಂಗಡಿಯಲ್ಲಿ ರಟ್ಟಿನ ಪೆಟ್ಟಿಗೆಯ ತುಂಬ ಉಂಗುರ ಒತ್ತಿ ಸಾಲಾಗಿ ಜೋಡಿಸಿಟ್ಟರು, ಬಂದ ಗಿರಾಕಿಗಳಿಗೆಲ್ಲ ಮುಚ್ಚಳ ತೆಗೆದು ತೋರಿಸಿದರು.

ಟೀಚರುಗಳು ಬರುವ ಹಿಂದಿನ ದಿನ ಸಂಜೆ ಗುಂಡಿ ಆ್ಯಟ್ ಗೊಂಚಲನ್ನು ಚಿಲಕಕ್ಕೆ ಸಿಕ್ಕಿಸಿ ಬಾಗಿಲ ಜೊತೆ ತಾನೂ ಜೋತಾಡುತ್ತಿದ್ದಳು. ಆನೆ ಎಳೆದರೂ ಬಿಚ್ಚದ ಉಂಗುರ ನನ್ನ ಮಗಳು ಎಳೆದಳೆಂದು ಬಿಚ್ಚಿತು. ಕಾರ್ಡುಗಳು ಯಂತ್ರದ ಕೆಳಗೆ ಚೆಲ್ಲಿದವು. ಬೆನ್ನಿಗೆ ಒಂದು ಕೊಟ್ಟು, ನಾನೇ ಬಗ್ಗಿ ಆರಿಸಿ, ಕಾಜಾ ಹಾಕುವ ದಪ್ಪ ದಾರದಲ್ಲಿ ಸಿಕ್ಕ ಹಾಗೆ ಪೋಣಿಸಿ ಗಂಟು ಬಿಗಿದೆ. ನಾಳೆ ಎಲ್ಲರ ಮುಂದೆ ನಿಲ್ಲುವವಳು, ಒಮ್ಮೆ ಹೇಳಿಸೋಣ ಎನಿಸಿತು. ಒಂದು ಕೈಯಲ್ಲಿ ಗೊಂಚಲು ಹಿಡಿದು ಒಂದೊಂದೇ ಕಾರ್ಡು ಮಗುಚಿದೆ, ಇನ್ನೊಂದು ಕೈ ಬಟ್ಟೆಯ ಮೇಲೇ ಇತ್ತು.

"ಕ್ಯಾಟ್, ಹ್ಯಾಟ್, ಮ್ಯಾಟ್, ರ‍್ಯಾಟ್, ಸ್ಯಾಟ್, ಬ್ಯಾಟ್!" ಗುಂಡಿ ಒಂದೇ ಉಸಿರಿಗೆ ಹೇಳಿದಳು.

"ಭೇಷ್," ಎಂದೆ.

ಎದುರಿಗೆ ಕೂತು ತರಕಾರಿ ಹೆಚ್ಚುತ್ತಿದ್ದ ಅಕ್ಕ ತಲೆ ಎತ್ತಿದಳು. "ಇನ್ನೊಂದ್ಸಲ ತೋರ್ಸು."

ತೋರಿಸಿದೆ. ಗುಂಡಿ ಮತ್ತೆ ಅದನ್ನೇ ಹೇಳಿದಳು, ಈ ಸಲ ಕುಣಿಯುತ್ತ.

"ಸರಿಯಾಗೇ ಹೇಳ್ತಾಳಲ್ಲ ಅಕ್ಕಾ?" ಎಂದೆ ನಾನು.

ಅಕ್ಕ ನನ್ನ ಮುಖ ನೋಡಿದಳು. ಎದ್ದು ಬಂದು ಗೊಂಚಲು ಇಸಿದುಕೊಂಡು, ಮೊದಲನೇ ಕಾರ್ಡನ್ನು ಗುಂಡಿಯ ಮುಖದ ಹತ್ತಿರ ಹಿಡಿದಳು. "ಪುಟ್ಟಾ, ಇದೇನು?"

"ಕ್ಯಾಟ್."

"ಅಕ್ಷರ ನೋಡು. ಇದರ ಸದ್ದೇನು?"

ಗುಂಡಿ ನೋಡಿದಳು. "ಸ್," ಎಂದಳು.

"ಹಾಗಾದ್ರೆ ಇದು?"

"ಕ್ಯಾಟ್."

ಮಗುವಿಗೆ ಏನೂ ತಪ್ಪಿದಂತೆ ಅನಿಸಲೇ ಇಲ್ಲ. ಮೊದಲು ಬರುವುದು ಕ್ಯಾಟ್. ಅವಳು ಕಂಡ ಹಾಗೆ ಯಾವತ್ತೂ ಮೊದಲು ಬಂದಿದ್ದು ಕ್ಯಾಟೇ.

ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ತಿರುವಿನ ಅಂಗಡಿಯಿಂದ ಭಾವನನ್ನೂ ಇಕ್ಕಳವನ್ನೂ ಕರೆದುಕೊಂಡು ಬಂದಳು. ಕ್ಯಾನ್ ಫ್ಯಾನ್ ಗೊಂಚಲಿನ ಬಾಯಿ ಬಿಚ್ಚಿಸಿ, ಕಾರ್ಡು ಹಿಂದೆ ಮುಂದೆ ಮಾಡಿ, ಗುಂಡಿಯನ್ನು ಕೇಳಿದಳು. ಅದೇ ಕಥೆ. ಪಕ್ಕದ ಮನೆಯಿಂದ ಅದೇ ಕ್ಲಾಸಿನ ಇನ್ನೆರಡು ಮಕ್ಕಳನ್ನು ಕರೆದು ಕೇಳಿದಳು. ಅವೂ ಕ್ಯಾನ್, ಫ್ಯಾನ್, ಮ್ಯಾನ್ ಎಂದು ರೈಲು ಓಡಿಸಿದವು. ಆ ಹೊತ್ತಿಗೆ ನನಗೂ ವಿಷಯ ಇಳಿದಿತ್ತು. ದಾರದ ಕಾಲದಲ್ಲಿ ಕಾರ್ಡು ಬಿದ್ದು ಬಿದ್ದು ದಿನಕ್ಕೊಂದು ಸಾಲಿನಲ್ಲಿ ಬರುತ್ತಿದ್ದವು, ಮಕ್ಕಳು ನೋಡದೆ ವಿಧಿ ಇರಲಿಲ್ಲ. ಉಂಗುರ ಬಂದ ಮೇಲೆ ಸಾಲು ಅಲುಗಲೇ ಇಲ್ಲ. ನೋಡುವ ಕೆಲಸವನ್ನು ಮಕ್ಕಳು ಬಿಟ್ಟರು, ಹಾಡುವ ಕೆಲಸ ಹಿಡಿದರು. ಗಿಣಿಗಳೇ ಬೇಕಿದ್ದರೆ ಇದಕ್ಕಿಂತ ಚೆನ್ನಾಗಿ ತಯಾರಾಗುವುದಿಲ್ಲ.

ಅಕ್ಕ ನೆಲದ ಮೇಲೆ ಕೂತಳು. "ಆಡಿಸೋ ಆಟದಲ್ಲಿ ಚೆನ್ನಾಗೇ ಹೇಳ್ತಿದ್ರಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು. ಆಟ ನನಗೂ ಗೊತ್ತಿತ್ತು. ಅಕ್ಕ ಮೂರು ಪದ ಹೇಳುತ್ತಾಳೆ, ಕ್ಯಾಟ್, ಹ್ಯಾಟ್, ಪೆನ್. ಬಾಲ ಸೇರದ ಪದ ಬಂದ ಕೂಡಲೇ ನಿಂತವರೆಲ್ಲ ಕುಕ್ಕರಿಸಬೇಕು. ಅದರಲ್ಲಿ ಮಕ್ಕಳು ಸೋತಿದ್ದೇ ಇಲ್ಲ. ಆದರೆ ಅದು ಕಿವಿಯ ಆಟ. ಕಿವಿ ಪಾಸಾಗಿತ್ತು. ಕಣ್ಣನ್ನು ಯಾರೂ ಪರೀಕ್ಷೆಗೆ ಕೂರಿಸಿರಲಿಲ್ಲ.

"ಎರಡನೇ ಕ್ಲಾಸಿನ ಟೀಚರು ಪ್ರತಿ ವರ್ಷ ಹೇಳ್ತಾನೇ ಇದ್ರು, ನಿಮ್ಮ ಮಕ್ಳು ಪುಸ್ತಕ ಕೊಟ್ರೆ ತಡವರಿಸ್ತಾರೆ ಅಂತ," ಎಂದಳು ಅಕ್ಕ. "ಹೊಟ್ಟೆಕಿಚ್ಚಿಗೆ ಹೇಳ್ತಾರೆ ಅಂದ್ಕೊಂಡೆ."

ಭಾವ ಇಕ್ಕಳವನ್ನು ಕೈಯಿಂದ ಕೈಗೆ ಬದಲಾಯಿಸುತ್ತ ನಿಂತಿದ್ದರು. "ಹಳೇ ಥರಾನೇ ಏರಿಸಿ ಒತ್ತಿಕೊಡ್ತೀನಿ. ನಾಳೆ ಒಂದು ದಿನ ಕಳೀಲಿ. ಆಮೇಲೆ ಮಕ್ಳಿಗೆ ಬೇಕಾದ ಹಾಗೆ ಕಲ್ಸು."

ನನಗೂ ಅದೇ ಸರಿ ಎನಿಸಿತು. "ಹೌದು ಅಕ್ಕಾ. ಗುಂಡೀನ ಎಲ್ರ ಮುಂದೆ ನಗೆಪಾಟಲು ಮಾಡ್ಬೇಡಿ."

"ನಾಳೆ ಕಳೆಯುತ್ತೆ," ಎಂದಳು ಅಕ್ಕ. "ಅವ್ರು ಪೆಟ್ಟಿಗೆ ತಗೊಂಡು ಹೋಗ್ತಾರೆ. ಆಮೇಲೆ ಅಷ್ಟು ಶಾಲೆ ಮಕ್ಳೂ ಹೀಗೇ ಹಾಡ್ತಾ ಇರ್ತಾರೆ. ಅದನ್ನ ಯಾರು ಹೋಗಿ ಬಿಚ್ತಾರೆ?"

"ಹೆಸರು ಹೋಗುತ್ತಲ್ಲೇ," ಎಂದರು ಭಾವ. ಅಕ್ಕನ ಹೆಸರು ಎಂದರೋ, ತಮ್ಮ ಉಂಗುರದ ಹೆಸರು ಎಂದರೋ, ಎರಡೂ ಇರಬಹುದು. ಹೆಚ್ಚಿದ ತರಕಾರಿ ಹಾಗೇ ಬಾಡುತ್ತಿತ್ತು, ನಾನೇ ಎತ್ತಿಕೊಂಡು ಒಳಗೆ ಹೋದೆ. ಊಟಕ್ಕೆ ಕೂತಾಗ ಯಾರಿಗೂ ಯಾರ ಮುಖ ನೋಡುವ ಮನಸ್ಸಿರಲಿಲ್ಲ.

ಮರುದಿನ ಕ್ಲಾಸಿನ ಹಿಂದಿನ ಬೆಂಚುಗಳಲ್ಲಿ ಬೇರೆ ಶಾಲೆಗಳ ಟೀಚರುಗಳು, ಅವರ ಹಿಂದೆ ನಾವು ತಾಯಂದಿರು. ಬಾಗಿಲ ಬಳಿ ಹೆಡ್ ಮೇಡಂ, ಇಸ್ತ್ರಿ ಮಾಡಿದ ನಗು. ಮೇಜಿನ ಮೇಲೆ ಭಾವನ ಪೆಟ್ಟಿಗೆ. ಭಾವ ಬಂದಿರಲಿಲ್ಲ, ಪೆಟ್ಟಿಗೆಯನ್ನು ಮಾತ್ರ ಬೆಳಿಗ್ಗೆಯೇ ತಂದಿಟ್ಟು ಹೋಗಿದ್ದರು. ಅಕ್ಕನ ಕೈಯಲ್ಲಿ ಎರಡು ಗೊಂಚಲಿದ್ದವು. ಒಂದರ ಉಂಗುರ ಹಾಗೇ ಇತ್ತು, ಇನ್ನೊಂದರಲ್ಲಿ ನನ್ನ ಕಾಜಾ ದಾರ.

ಅಕ್ಕ ಮೊದಲು ಉಂಗುರದ್ದನ್ನು ಎತ್ತಿದಳು. ಮಕ್ಕಳು ಹಾಡಿದರು, ಕಿಟಕಿ ಅದುರಿತು, ಬಂದವರು ಚಪ್ಪಾಳೆ ತಟ್ಟಿದರು. ಇಲ್ಲಿಗೆ ನಿಲ್ಲಿಸಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಅಕ್ಕ ಚಪ್ಪಾಳೆ ಮುಗಿಯುವವರೆಗೆ ಕಾದು, ದಾರದ ಗೊಂಚಲಿನ ಗಂಟು ಬಿಚ್ಚಿ, ಕಾರ್ಡುಗಳನ್ನು ಇಸ್ಪೀಟಿನ ಎಲೆಯ ಹಾಗೆ ಕಲಸಿ, ಎಲ್ಲರಿಗೂ ಕಾಣುವಂತೆ ಮತ್ತೆ ಪೋಣಿಸಿದಳು.

"ಈಗ ಇದನ್ನ ಓದಿ ಮಕ್ಳೇ," ಎಂದಳು.

ಮೊದಲು ಬಂದದ್ದು ಬಿ ಅಕ್ಷರವಂತೆ, ಆಮೇಲೆ ಗೊತ್ತಾಯಿತು. ಮೂವತ್ತು ಗಂಟಲು ಒಟ್ಟಿಗೆ "ಕ್ಯಾಟ್!" ಎಂದವು. ಎರಡನೆಯದಕ್ಕೆ "ಹ್ಯಾಟ್!" ಬಂದವರಲ್ಲಿ ಯಾರೋ ಕಿಸಕ್ಕೆಂದರು. ಮೂರನೆಯದಕ್ಕೆ ಕೆಲವು ಮಕ್ಕಳು ಹೇಳುವುದು ನಿಲ್ಲಿಸಿದವು, ಕೆಲವು ಇನ್ನೂ ಗಟ್ಟಿಯಾಗಿ ಕೂಗಿದವು. ಹೆಡ್ ಮೇಡಂನ ನಗು ಮುದುಡಿತು. ಅಕ್ಕ ಆರೂ ಕಾರ್ಡು ಮುಗಿಸಿದಳು. ಒಂದನ್ನೂ ಬಿಡಲಿಲ್ಲ.

ಆಮೇಲೆ ಹಿಂದಿನ ಬೆಂಚಿನ ಕಡೆ ತಿರುಗಿದಳು. "ನೋಡಿದ್ರಲ್ಲ. ತಪ್ಪು ಮಕ್ಳದಲ್ಲ, ನಂದು. ಕಾರ್ಡು ಉದುರ್ತಾವೆ ಅಂತ ಬಿಗಿ ಮಾಡ್ಸಿದೆ. ಉದುರ್ತಾ ಇದ್ದಾಗ ಓದ್ತಾ ಇದ್ರು, ಬಿಗಿ ಆದ್ಮೇಲೆ ಬಾಯಿಪಾಠ ಮಾಡಿದ್ರು. ಈ ಪೆಟ್ಟಿಗೆ ದಯವಿಟ್ಟು ಯಾರೂ ತಗೊಂಡು ಹೋಗ್ಬೇಡಿ." ಪೆಟ್ಟಿಗೆಯನ್ನು ಮೇಜಿನ ಅಂಚಿಗೆ ಸರಿಸಿದಳು.

ಆಗ ನನ್ನ ಮಗಳು, ಯಾರೂ ಕರೆಯದಿದ್ದರೂ, ಬೆಂಚಿನಿಂದ ಇಳಿದು ಮುಂದೆ ಹೋದಳು. ಮೂಗು ಕೆಂಪಗಾಗಿತ್ತು. ಜನ ನಕ್ಕದ್ದನ್ನು ಅವಳಿಗೆ ತಡೆದುಕೊಳ್ಳಲಾಗಿರಲಿಲ್ಲ.

"ಕೊಡಿ, ನಾನು ಹೇಳ್ತೀನಿ," ಎಂದು ದೊಡ್ಡಮ್ಮನ ಕೈ ಹಿಡಿದು ಎಳೆದಳು.

ಅಕ್ಕ ಮಂಡಿಯೂರಿ ಕೂತಳು. ಬಾಲದ ಎರಡಕ್ಷರವನ್ನು ಅಂಗೈಯಿಂದ ಮುಚ್ಚಿದಳು. "ಇದರ ಸದ್ದು?"

"ಮ್."

ತಲೆಯ ಅಕ್ಷರ ಮುಚ್ಚಿ ಬಾಲ ತೋರಿಸಿದಳು. "ಇದು?"

"ಆ್ಯಟ್."

ಕೈ ತೆಗೆದಳು. ಗುಂಡಿಯ ಬಾಯಿ ಕ್ಯಾಟ್ ಎನ್ನಲು ತೆರೆದುಕೊಂಡಿತು, ನನಗೆ ಅಲ್ಲಿಂದಲೇ ಕಂಡಿತು. ಅವಳು ಬಾಯಿ ಮುಚ್ಚಿದಳು. ಬೆರಳಿಟ್ಟಳು. "ಮ್... ಆ್ಯಟ್. ಮ್... ಮ್ಯಾಟ್." ಆಮೇಲೆ ಅಕ್ಕ ಆ ಗೊಂಚಲಿನಲ್ಲಿ ಇರದ ಒಂದು ಅಕ್ಷರವನ್ನು ಒಂದು ಕಾರ್ಡಿನ ಖಾಲಿ ಬೆನ್ನಿಗೆ ಬರೆದು ಅದೇ ಬಾಲಕ್ಕೆ ಹಿಡಿದಳು. ಆ ಪದ ಮಗು ಯಾವತ್ತೂ ಹಾಡಿದ್ದಲ್ಲ. ತುಂಬ ಹೊತ್ತು ಹಿಡಿಯಿತು.

"ಪ್... ಆ್ಯಟ್. ಪ್ಯಾಟ್," ಎಂದಳು ಗುಂಡಿ. ಹೇಳಿ ದೊಡ್ಡಮ್ಮನ ಮುಖ ನೋಡಿದಳು, ಸರಿಯೋ ತಪ್ಪೋ ಎಂದು.

ಅಕ್ಕ ಎಲ್ಲರೆದುರಿಗೆ ಅತ್ತಳು. ಸೆರಗಿನಿಂದ ಒರೆಸಿಕೊಂಡು ಮುಂದಿನ ಮಗುವನ್ನು ಕರೆದಳು.

ಎಲ್ಲ ಸುಖವಾಗಿ ಮುಗಿಯಿತು ಎಂದು ಬರೆಯಲು ನನಗೂ ಆಸೆ. ಹೆಡ್ ಮೇಡಂ ಅಂದು ಚಹಾಕ್ಕೂ ಅಕ್ಕನನ್ನು ಕರೆಯಲಿಲ್ಲ, ಈಗ ಶಾಲೆಗೆ ಬಂದವರನ್ನು ಚಿತ್ರಕಲೆಯ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಬಂದ ಟೀಚರುಗಳಲ್ಲಿ ಒಬ್ಬಾಕೆ ಮಾತ್ರ ಹೋಗುವಾಗ ಅಕ್ಕನ ಕೈ ಹಿಡಿದು, "ನಮ್ಮಲ್ಲಿ ಚಾರ್ಟು ಗೋಡೆಗೆ ಅಂಟಿಸಿಬಿಟ್ಟಿದೀವಿ, ನಮ್ಮವ್ರೂ ಹೀಗೇ ಇರ್ಬೇಕು," ಎಂದಳಂತೆ. ಭಾವ ಪೆಟ್ಟಿಗೆಯನ್ನು ಅಂಗಡಿಯ ಅಟ್ಟಕ್ಕೆ ಹಾಕಿದರು. ಮೊದಲೇ ಮಾತಿಲ್ಲದ ಮನುಷ್ಯ ಆ ವಾರ ಮೀಸೆಯನ್ನೂ ಅಲುಗಿಸಲಿಲ್ಲ.

ಅಕ್ಕ ಸುಮ್ಮನೆ ಕೂರಲಿಲ್ಲ. ಉಂಗುರದ ಕಾಲದಲ್ಲಿ ತನ್ನ ಕೈಯಿಂದ ದಾಟಿ ಹೋದ ಮಕ್ಕಳನ್ನೆಲ್ಲ, ಎರಡನೆಯ ಕ್ಲಾಸಿನಿಂದ ಮೇಲಿನವರನ್ನು, ಊಟದ ಬಿಡುವಿನಲ್ಲಿ ಮರದ ಕೆಳಗೆ ಕೂರಿಸಿಕೊಂಡಳು. ಎರಡನೇ ಕ್ಲಾಸಿನ ಟೀಚರ ಹತ್ತಿರ ತಾನಾಗಿ ಹೋಗಿ, ನೀವು ಹೇಳಿದ್ದು ನಿಜ ಎಂದಳು. ಅದು ಅಕ್ಕನಿಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು. ನನ್ನ ಹತ್ತಿರ ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದೂ ಇಷ್ಟು ವರ್ಷದಲ್ಲಿ ಒಪ್ಪಿದವಳಲ್ಲ.

"ನಿಮಗ್ಯಾಕೆ ಅಕ್ಕಾ ಈ ತಲೆನೋವು? ಆ ಮಕ್ಳು ಈಗ ನಿಮ್ಮ ಕ್ಲಾಸಲ್ಲಿಲ್ಲವಲ್ಲ," ಎಂದೆ ಒಂದು ದಿನ.

"ಬೀಗ ಹಾಕಿದ್ದು ನಾವೇ ಅಲ್ವೇನೇ?" ಎಂದಳು.

ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಭಾವ ಕೇಳಿಸಿಕೊಂಡರು. ಮರುದಿನ ಸಂಜೆ ಒಂದು ಹೊಸ ಉಂಗುರ ತಂದು ಅಕ್ಕನ ಮುಂದಿಟ್ಟರು. ಅದಕ್ಕೆ ಒತ್ತಿದರೆ ಬಾಯಿ ಬಿಡುವ ಸಣ್ಣ ಕೊಕ್ಕೆ ಇತ್ತು. ಅಕ್ಕ ಒತ್ತಿದಳು, ತೆರೆಯಿತು. ಬಿಟ್ಟಳು, ಮುಚ್ಚಿತು. ನೋಡುತ್ತಿದ್ದ ನನಗೇ ಕಣ್ಣು ತುಂಬಿ ಬಂತು.

ಈಗ ಪಾಠ ಶುರುವಾಗುವ ಮೊದಲು ಅಕ್ಕ ಕೊಕ್ಕೆ ಒತ್ತಿ ಕಾರ್ಡುಗಳನ್ನೆಲ್ಲ ಬೇಕೆಂದೇ ನೆಲಕ್ಕೆ ಉದುರಿಸುತ್ತಾಳೆ. ಮಕ್ಕಳು ಬೆಂಚಿನ ಕೆಳಗೆ ನುಗ್ಗುತ್ತವೆ. ಕಿಟಕಿಯಿಂದ ಆ ಹಾಡು ಬರುವುದು ನಿಂತಿದೆ. ಒಂದು ಸದ್ದು, ಸ್ವಲ್ಪ ಮೌನ, ಒಂದು ಪದ. ನನ್ನ ಪೆಡಲಿಗೆ ತಾಳವೇ ಇಲ್ಲದಂತಾಗಿದೆ.

ಮೊನ್ನೆ ತುರ್ತಿನ ಅಂಗಿಯೊಂದಕ್ಕೆ ಕಾಲರ್ ಕೂರಿಸುತ್ತಿದ್ದೆ. ಗುಂಡಿ ಹೊಸ ಗೊಂಚಲು ಹಿಡಿದು ಬಂದು ಯಂತ್ರದ ಪಕ್ಕ ನಿಂತಳು. "ಅಮ್ಮಾ, ಇದು ಹೇಳು."

"ಕ್ಯಾಟ್," ಎಂದೆ. ಸೂಜಿಯಿಂದ ಕಣ್ಣು ಎತ್ತಿರಲಿಲ್ಲ.

ಅವಳು ನನ್ನ ಗಲ್ಲ ಹಿಡಿದು ತಿರುಗಿಸಿದಳು. "ನೋಡ್ದೆ ಹೇಳ್ಬೇಡಮ್ಮಾ. ನೋಡಿ ಹೇಳು."

ನಾನು ಯಂತ್ರ ನಿಲ್ಲಿಸಿದೆ. ಕಾರ್ಡಿನ ಮೊದಲ ಅಕ್ಷರ ನನಗೆ ಚೆನ್ನಾಗಿ ಗೊತ್ತಿದ್ದದ್ದೇ, ಎಷ್ಟೋ ಕಾಲರಿಗೆ ನಾನೇ ಹೊಲಿದದ್ದು, ಸಣ್ಣ ಅಳತೆಯದು. ಮಗಳು ಬಾಲದ ಮೇಲೆ ಅಂಗೈ ಇಟ್ಟು ಕಾಯುತ್ತಿದ್ದಳು.

"ಸ್," ಎಂದೆ.

ಅವಳು ಕೈ ತೆಗೆದಳು.